ಒಂದೇ ಫೋಟೊ, ಮೂರು ಆಲ್ಟ್ ಟೆಕ್ಸ್ಟ್

(ವೆಬ್‌ನಲ್ಲಿ ಬರೆಯುವವರ ಮತ್ತು ಪುಟ ಕಟ್ಟುವವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಆಲ್ಟ್ ಟೆಕ್ಸ್ಟ್ ಅಂದರೆ ಏನು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಫೋಟೊ ಅಪ್‌ಲೋಡ್ ಮಾಡುವಾಗ ಪಕ್ಕದಲ್ಲಿ ಒಂದು ಪುಟ್ಟ ಚೌಕ ಬರುತ್ತದಲ್ಲ, ಅದೇ. ಅಲ್ಲಿ ಬರೆದದ್ದು ಕಣ್ಣಿದ್ದವರಿಗೆ ಕಾಣುವುದಿಲ್ಲ, ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಕೇಳಿಸುತ್ತದೆ. ಆ ಚೌಕವನ್ನು ಖಾಲಿ ಬಿಡುವವರು ಬೇಕಾದಷ್ಟು ಜನ ಇದ್ದಾರೆ. ಅವರ ಬಗ್ಗೆ ಇವತ್ತು ಜಾಸ್ತಿ ಹೇಳುವುದಿಲ್ಲ. ಶ್ರದ್ಧೆಯಿಂದ ತುಂಬಿಸಿದ ಮೇಲೂ ಓದುಗರಿಗೆ ಏನೂ ದಾಟದೆ ಹೋಗುತ್ತದಲ್ಲ, ಅದು ಯಾಕೆ ಅಂತ ನೋಡೋಣ.

ಮೊದಲು ಯಂತ್ರದ ಕಡೆಯಿಂದ ಶುರು ಮಾಡುತ್ತೇನೆ. ಪುಟದಲ್ಲಿ ಒಂದು ಚಿತ್ರ ಮೂರು ಸ್ಥಿತಿಯಲ್ಲಿ ಇರಬಹುದು.

```html
<img src="IMG_4471.jpg">
<img src="IMG_4471.jpg" alt="">
<img src="IMG_4471.jpg" alt="ಕೆಆರ್‌ಎಸ್‌ಗೆ ಬಾಗಿನ">
```

ಮೊದಲನೆಯದರಲ್ಲಿ `alt` ಅನ್ನುವುದೇ ಇಲ್ಲ. ಹೀಗಿದ್ದಾಗ ಸ್ಕ್ರೀನ್ ರೀಡರ್ ಏನು ಮಾಡುತ್ತದೆ ಅನ್ನುವುದು ಆಯಾ ತಂತ್ರಾಂಶಕ್ಕೆ ಬಿಟ್ಟದ್ದು. ಕೆಲವು ಸುಮ್ನೆ ದಾಟಿ ಹೋಗುತ್ತವೆ. ಆದರೆ ಆ ಚಿತ್ರ ಲಿಂಕ್ ಕೂಡ ಆಗಿದ್ದರೆ ಬೇರೆ ದಾರಿಯಿಲ್ಲದೆ ಫೈಲಿನ ಹೆಸರನ್ನೋ ಲಿಂಕಿನ ವಿಳಾಸವನ್ನೋ ಓದತೊಡಗುತ್ತವೆ. 'ಐ ಎಂ ಜಿ ಅಂಡರ್‌ಸ್ಕೋರ್ ನಾಲ್ಕು ನಾಲ್ಕು ಏಳು ಒಂದು.' ಎರಡನೆಯದರಲ್ಲಿ `alt` ಇದೆ, ಆದರೆ ಬೇಕೆಂದೇ ಖಾಲಿ ಇದೆ. ಇದು 'ಈ ಚಿತ್ರ ಬರೀ ಅಲಂಕಾರ, ಬಿಟ್ಟುಬಿಡು' ಅನ್ನುವ ಸೂಚನೆ. ಕಣ್ಣಿಗೆ ಒಂದೇ ತರಹ ಕಂಡರೂ ಮೊದಲನೆಯದಕ್ಕೂ ಎರಡನೆಯದಕ್ಕೂ ಇಷ್ಟು ವ್ಯತ್ಯಾಸ ಇದೆ. ಮೂರನೆಯದು ಇವತ್ತಿನ ವಿಷಯ.

ಎಚ್‌ಟಿಎಂಎಲ್‌ನ ನಿಯಮಗಳನ್ನು ಬರೆದವರು ಇದರ ಬಗ್ಗೆ ಒಂದು ಒಳ್ಳೆಯ ಅಳತೆ ಕೊಟ್ಟಿದ್ದಾರೆ. ಪುಟದಲ್ಲಿರುವ ಪ್ರತಿ ಚಿತ್ರವನ್ನೂ ತೆಗೆದು, ಅದೇ ಜಾಗದಲ್ಲಿ ಅದರ ಆಲ್ಟ್ ಟೆಕ್ಸ್ಟ್ ಇಟ್ಟರೆ ಪುಟದ ಅರ್ಥ ಬದಲಾಗಬಾರದು. ಇಷ್ಟೇ. ಈ ಅಳತೆಯಲ್ಲಿ ಚಿತ್ರವನ್ನು ವರ್ಣಿಸಿ ಅಂತ ಎಲ್ಲೂ ಹೇಳಿಲ್ಲ, ಗಮನಿಸಿ. ಅಲ್ಲೇ ಇನ್ನೊಂದು ಮಾತೂ ಇದೆ. ಈ ಪುಟವನ್ನು ಫೋನಿನಲ್ಲಿ ಯಾರಿಗೋ ಓದಿ ಹೇಳುತ್ತಿದ್ದೀರಿ, ಅಲ್ಲೊಂದು ಚಿತ್ರ ಇದೆ ಅಂತ ಹೇಳದೆಯೇ ಓದಬೇಕು. ಆ ಜಾಗ ಬಂದಾಗ ಏನು ಹೇಳುತ್ತೀರಿ? ಅದೇ ಆಲ್ಟ್ ಟೆಕ್ಸ್ಟ್.

ಈಗ ಒಂದು ಫೋಟೊ ತೆಗೆದುಕೊಂಡು ನೋಡೋಣ. ಕೆಆರ್‌ಎಸ್ ಜಲಾಶಯ ತುಂಬಿದ ವರ್ಷ ಮುಖ್ಯಮಂತ್ರಿ ಹೋಗಿ ಬಾಗಿನ ಅರ್ಪಿಸುವುದು ನಮ್ಮಲ್ಲಿ ರೂಢಿ. ಮಾರನೇ ದಿನ ಎಲ್ಲ ಪತ್ರಿಕೆಗಳಲ್ಲೂ ಆ ಫೋಟೊ ಇರುತ್ತದೆ. ಅಂಥದೊಂದು ಫೋಟೊ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಮುಖ್ಯಮಂತ್ರಿ ಮುಂದಕ್ಕೆ ಬಾಗಿದ್ದಾರೆ. ಕೈಯಲ್ಲಿ ಬಿದಿರಿನ ಮೊರ, ಅದರ ಮೇಲೆ ಇನ್ನೊಂದು ಮೊರ ಮುಚ್ಚಿದೆ. ಅರಿಸಿನ, ಕುಂಕುಮದ ಗುರುತು ಕಾಣುತ್ತದೆ. ಸುತ್ತ ಸಚಿವರು, ಶಾಸಕರು ಒತ್ತಿಕೊಂಡು ನಿಂತಿದ್ದಾರೆ. ಕೆಳಗೆ ಕೆಂಪು ನೀರು ಕೈಗೆ ಸಿಗುವಷ್ಟು ಹತ್ತಿರ. ಫೋಟೊದ ಒಂದು ಮೂಲೆಯಲ್ಲಿ, ಬ್ಯಾರಿಕೇಡ್ ಆಚೆ, ಹಸಿರು ಶಾಲು ಹೊದ್ದ ಕೆಲವರು ನಿಂತಿದ್ದಾರೆ.

ಇದಕ್ಕೆ ಆಲ್ಟ್ ಟೆಕ್ಸ್ಟ್ ಬರೆಯಿರಿ ಅಂದರೆ ಹೊಸಬರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: 'ಬಿಳಿ ಅಂಗಿ ತೊಟ್ಟ ವ್ಯಕ್ತಿಯೊಬ್ಬರು ಬಿದಿರಿನ ವಸ್ತುವೊಂದನ್ನು ನೀರಿಗೆ ಹಾಕುತ್ತಿರುವ ಚಿತ್ರ. ಹಿಂದೆ ಹಲವರು ನಿಂತಿದ್ದಾರೆ.' ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೆ ಕನ್ನಡ ಓದುವ ಯಾರೂ ಆ ಫೋಟೊದಲ್ಲಿ ಇದನ್ನು ನೋಡುವುದಿಲ್ಲ. ಅವರು ನೋಡುವುದು ಬಾಗಿನವನ್ನು. ಬಾಗಿನ ಅಂದ ತಕ್ಷಣ ಡ್ಯಾಂ ತುಂಬಿದೆ, ಮಂಡ್ಯದ ನಾಲೆಗಳಿಗೆ ಈ ಸಲ ನೀರು ಬರುತ್ತದೆ, ಇಷ್ಟೂ ಒಟ್ಟಿಗೇ ಹೊಳೆಯುತ್ತದೆ. ಕಣ್ಣಿಲ್ಲದ ಓದುಗರೂ ಇದೇ ನಾಡಿನವರು. ಬಾಗಿನ ಅಂದರೆ ಅವರಿಗೂ ಗೊತ್ತು. ಮನೆಯಲ್ಲಿ ಗೌರಿ ಹಬ್ಬಕ್ಕೆ ಮೊರದ ಬಾಗಿನ ಮುಟ್ಟಿ ನೋಡಿರುತ್ತಾರೆ. ಅವರಿಗೆ 'ಬಿದಿರಿನ ವಸ್ತು' ಅಂತ ಹೇಳುವುದು ಒಂದು ರೀತಿಯಲ್ಲಿ ಗೊತ್ತಿರುವುದನ್ನು ಕಸಿದುಕೊಂಡ ಹಾಗೆ.

ಹಾಗಾದರೆ ಏನು ಬರೆಯಬೇಕು? ಇಲ್ಲಿ ನಾನು ತಿರುಗಿ ಕೇಳುತ್ತೇನೆ. ಯಾವ ಲೇಖನಕ್ಕೆ?

ಜಲಾಶಯ ತುಂಬಿದ ಸುದ್ದಿಗೆ ಅಂತಿಟ್ಟುಕೊಳ್ಳೋಣ. ಗರಿಷ್ಠ ಮಟ್ಟ 124.80 ಅಡಿ ಮುಟ್ಟಿತು, ಬಾಗಿನ ಅರ್ಪಣೆ ಆಯಿತು ಅನ್ನುವ ವರದಿ. ಆಗ 'ಮುಖ್ಯಮಂತ್ರಿ ಕೆಆರ್‌ಎಸ್‌ಗೆ ಬಾಗಿನ ಅರ್ಪಿಸುತ್ತಿದ್ದಾರೆ' ಅಂತ ಬರೆಯುವುದು ಸರಿ ಅನ್ನಿಸುತ್ತದೆ. ಆದರೆ ಒಂದು ತೊಡಕಿದೆ. ಫೋಟೊದ ಕೆಳಗೆ ಕ್ಯಾಪ್ಶನ್ ಇರುತ್ತದೆ, ಅದೂ ಇದನ್ನೇ ಹೇಳುತ್ತದೆ. ಶೀರ್ಷಿಕೆಯೂ ಇದನ್ನೇ ಹೇಳುತ್ತದೆ. ಸ್ಕ್ರೀನ್ ರೀಡರ್ ಮೂರನ್ನೂ ಸಾಲಾಗಿ ಓದುತ್ತದೆ. ಹಾಗಾಗಿ ಕ್ಯಾಪ್ಶನ್ ಹೇಳದೆ ಬಿಟ್ಟದ್ದು, ಕಣ್ಣು ಮಾತ್ರ ಹಿಡಿಯುವುದು ಯಾವುದು ಅಂತ ಹುಡುಕಬೇಕು. ಈ ಸುದ್ದಿಯಲ್ಲಿ ಅದು ನೀರು. 'ಮುಖ್ಯಮಂತ್ರಿ ಬಾಗಿ ಬಾಗಿನದ ಮೊರ ಬಿಡುತ್ತಿದ್ದಾರೆ. ಕೆಂಪು ನೀರು ಅವರ ಕೈಗೆ ಸಿಗುವಷ್ಟು ಮೇಲೆ ಬಂದಿದೆ.' ಡ್ಯಾಂ ತುಂಬಿದೆ ಅನ್ನುವ ಅಂಕಿ ಲೇಖನದಲ್ಲಿದೆ. ತುಂಬಿದ್ದು ಹೇಗೆ ಕಾಣುತ್ತದೆ ಅನ್ನುವುದು ಫೋಟೊದಲ್ಲಿದೆ. ಅದನ್ನು ದಾಟಿಸಿದರೆ ಸಾಕು.

ಅದೇ ಫೋಟೊವನ್ನು ನೀವು ಇನ್ನೊಂದು ಲೇಖನಕ್ಕೆ ಬಳಸುತ್ತೀರಿ. ಬಿದಿರು ಹೆಣೆಯುವ ಮೇದಾರರ ಬಗ್ಗೆ, ಪ್ಲಾಸ್ಟಿಕ್ ಮೊರ ಬಂದ ಮೇಲೆ ಅವರ ಕಸುಬು ಏನಾಯಿತು ಅನ್ನುವ ಬಗ್ಗೆ. ಇಲ್ಲಿ ಮುಖ್ಯಮಂತ್ರಿ ಮುಖ್ಯವಲ್ಲ, ನೀರಿನ ಮಟ್ಟವೂ ಮುಖ್ಯವಲ್ಲ. 'ಕೆಆರ್‌ಎಸ್ ಬಾಗಿನಕ್ಕೆ ಬಳಸಿದ್ದು ಬಿದಿರಿನದೇ ಮೊರ: ಅರಿಸಿನ, ಕುಂಕುಮ ಹಚ್ಚಿದ ಎರಡು ಮೊರಗಳನ್ನು ಒಂದರ ಮೇಲೊಂದು ಮುಚ್ಚಲಾಗಿದೆ.' ಮೊದಲ ಲೇಖನದಲ್ಲಿ ಒಂದು ಮಾತಿನಲ್ಲಿ ಮುಗಿದ ಮೊರ ಇಲ್ಲಿ ಪೂರ್ತಿ ಸಾಲನ್ನು ಆಕ್ರಮಿಸಿದೆ.

ಮೂರನೆಯದು ಒಂದು ಖಾರದ ಅಂಕಣ. ಬಾಗಿನ ರೈತರ ಹೆಸರಲ್ಲಿ ನಡೆಯುತ್ತದೆ, ರೈತರನ್ನು ಮಾತ್ರ ಹತ್ತಿರ ಬಿಡುವುದಿಲ್ಲ ಅನ್ನುವುದು ಅಂಕಣಕಾರರ ವಾದ. ಈಗ ಫೋಟೊದ ಮೂಲೆ ನಡುವಿಗೆ ಬರುತ್ತದೆ. 'ಬಾಗಿನ ಬಿಡುತ್ತಿರುವ ಮುಖ್ಯಮಂತ್ರಿಯನ್ನು ಸಚಿವರು, ಶಾಸಕರು ಸುತ್ತುವರಿದಿದ್ದಾರೆ. ಹಸಿರು ಶಾಲಿನ ರೈತರು ಬ್ಯಾರಿಕೇಡ್ ಆಚೆ ನಿಂತಿದ್ದಾರೆ.' ಕಣ್ಣಿದ್ದ ಓದುಗರು ಆ ಅಂಕಣ ಓದಿ ಫೋಟೊ ನೋಡಿದರೆ ಅವರ ಕಣ್ಣು ಸೀದಾ ಆ ಮೂಲೆಗೆ ಹೋಗುತ್ತದೆ, ಅಲ್ವಾ? ಆಲ್ಟ್ ಟೆಕ್ಸ್ಟ್ ಅದೇ ದಾರಿಯಲ್ಲಿ ಹೋಗಬೇಕು.

ಇದರಿಂದ ಒಂದು ಕಷ್ಟದ ಸಂಗತಿ ಹೊರಡುತ್ತದೆ. ನಮ್ಮ ಎಷ್ಟೋ ಸೈಟುಗಳಲ್ಲಿ ಫೋಟೊಗಳನ್ನು ಒಂದು ಕಡೆ ಕೂಡಿಟ್ಟಿರುತ್ತಾರೆ, ಆಲ್ಟ್ ಟೆಕ್ಸ್ಟನ್ನೂ ಅಲ್ಲೇ ಒಂದು ಸಲ ಬರೆದಿಟ್ಟಿರುತ್ತಾರೆ. ಮುಂದಿನ ಸಲ ಅದೇ ಫೋಟೊ ಎತ್ತಿಕೊಂಡರೆ ಹಳೇ ಬರಹವೂ ಜೊತೆಯಲ್ಲೇ ಬರುತ್ತದೆ. ಮೇದಾರರ ಲೇಖನದಲ್ಲಿ ನೀರಿನ ಮಟ್ಟದ ಮಾತು ಕೇಳಿಬಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ಫೋಟೊ ಮರುಬಳಕೆ ಮಾಡಿ, ಬರಹವನ್ನು ಮಾತ್ರ ಪ್ರತಿ ಸಲ ನೋಡಿ ತಿದ್ದಿ. ಅದನ್ನು ಲೇಖನ ಬರೆದವರೇ ಮಾಡಿದರೆ ಒಳ್ಳೆಯದು. ಪುಟಕ್ಕೆ ಏರಿಸುವ ಹುಡುಗನಿಗೆ ಈ ಫೋಟೊ ಇಲ್ಲಿ ಯಾಕಿದೆ ಅಂತ ಗೊತ್ತಿರುವುದಿಲ್ಲ. ಅದು ಅವನ ತಪ್ಪಲ್ಲ.

ಹಸಿರು ಶಾಲಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಅರ್ಥ ಬರೆಯಿರಿ ಅಂದೆ. ಎಲ್ಲಿಯವರೆಗೆ? 'ಹಸಿರು ಬಟ್ಟೆ ಹೊದ್ದ ಜನ' ಅಂತ ಬರೆದರೆ ಬರೀ ವರ್ಣನೆ. 'ರೈತ ಸಂಘದ ಕಾರ್ಯಕರ್ತರು' ಅಂತ ಬರೆದರೆ ಅರ್ಥ ಬಂತು, ಆದರೆ ಅದು ನಿಮಗೆ ಖಚಿತವಾಗಿ ಗೊತ್ತಾ? ಫೋಟೊ ತೆಗೆದವರು ಹೇಳಿದ್ದರೆ ಬರೆಯಿರಿ. ಇಲ್ಲದಿದ್ದರೆ 'ಹಸಿರು ಶಾಲಿನ ರೈತರು' ಅನ್ನಿ. ಕರ್ನಾಟಕದಲ್ಲಿ ಹಸಿರು ಶಾಲು ಏನು ಹೇಳುತ್ತದೆ ಅಂತ ಓದುಗರಿಗೆ ಗೊತ್ತು, ಉಳಿದದ್ದನ್ನು ಅವರೇ ಕೂಡಿಸಿಕೊಳ್ಳುತ್ತಾರೆ. ಕಣ್ಣಿಲ್ಲದವರಿಗೆ ಬಣ್ಣ ಯಾಕೆ ಅಂತ ಕೆಲವರು ಕೇಳುತ್ತಾರೆ. ಓದುಗರಲ್ಲಿ ಹಲವರು ಮಧ್ಯವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು, ಅವರಿಗೆ ಹಸಿರು ನೆನಪಿದೆ. ಹುಟ್ಟಿನಿಂದ ಕಾಣದವರಿಗೂ ಹಸಿರು ಶಾಲು ಅಂದರೆ ರೈತ ಚಳವಳಿ ಅನ್ನುವುದು ಬೇರೆಲ್ಲರಿಗೆ ತಿಳಿದ ಹಾಗೇ ತಿಳಿದಿದೆ. ಬಣ್ಣ ಏನಾದರೂ ಹೇಳುತ್ತಿದ್ದರೆ ಬರೆಯಿರಿ. ಮುಖ್ಯಮಂತ್ರಿಯ ಅಂಗಿ ಬಿಳಿ ಅನ್ನುವುದು ಏನೂ ಹೇಳುತ್ತಿಲ್ಲ, ಬಿಡಿ.

ಇನ್ನೊಂದು ಅತಿರೇಕವೂ ಇದೆ. ಅರ್ಥ ಕೊಡುವ ಉತ್ಸಾಹದಲ್ಲಿ ತೀರ್ಪನ್ನೂ ಕೊಟ್ಟುಬಿಡುವುದು. ನೆರೆಯಲ್ಲಿ ಮನೆ ಬಿದ್ದ ಊರಿನ ಫೋಟೊ. ಅಜ್ಜಿಯೊಬ್ಬರು ಕುಸಿದ ಗೋಡೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. 'ಸರ್ಕಾರದ ನಿರ್ಲಕ್ಷ್ಯದಿಂದ ಬದುಕೇ ಮುಳುಗಿದ ನತದೃಷ್ಟ ವೃದ್ಧೆ' ಅಂತ ಬರೆದರೆ ಫೋಟೊ ಎಲ್ಲಿ ಹೋಯಿತು? ಕಣ್ಣಿದ್ದವರು ಸೆರಗು ನೋಡಿ, ಗೋಡೆ ನೋಡಿ, ತಾವೇ ಒಂದು ತೀರ್ಮಾನಕ್ಕೆ ಬರುತ್ತಾರೆ. ಆ ಅವಕಾಶವನ್ನು ಕಣ್ಣಿಲ್ಲದವರಿಂದ ಕಿತ್ತುಕೊಳ್ಳಬಾರದು. 'ಕುಸಿದ ಮಣ್ಣಿನ ಗೋಡೆಯ ಮುಂದೆ ಕೂತ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ.' ಇದರಲ್ಲಿ ಅಳು ಇದೆ, ಮನೆ ಹೋದದ್ದಿದೆ. ಆದರೂ ನಾನು ಬೆರಳು ತೋರಿಸಿಲ್ಲ. ಒಂದು ನೋಟಕ್ಕೆ ಯಾರಿಗೂ ಗೊತ್ತಾಗುವಂಥದ್ದನ್ನು ಹೇಳಿ. ಯೋಚಿಸಿ ತಲುಪಬೇಕಾದ್ದನ್ನು ಓದುಗರಿಗೆ ಬಿಡಿ. ನನಗೆ ಗೊತ್ತಿರುವ ಗಡಿ ಇದೊಂದೇ.

'ಚಿತ್ರ', 'ಫೋಟೊ' ಅಂತ ಶುರು ಮಾಡಬೇಡಿ ಅನ್ನುವುದನ್ನು ನೀವು ಕೇಳಿರಬಹುದು. ಕಾರಣ ಸರಳ. ಸ್ಕ್ರೀನ್ ರೀಡರ್ ತಾನೇ 'ಗ್ರಾಫಿಕ್' ಅಂತಲೋ 'ಚಿತ್ರ' ಅಂತಲೋ ಹೇಳುತ್ತದೆ. ನೀವೂ ಬರೆದರೆ 'ಚಿತ್ರ, ಚಿತ್ರ' ಅಂತ ಎರಡು ಸಲ ಕೇಳಿಸುತ್ತದೆ. ಆದರೆ ಅದು ಯಾವ ಬಗೆಯದು ಅನ್ನುವುದೇ ಮುಖ್ಯವಾಗಿದ್ದರೆ ಹೇಳಲೇಬೇಕು. ವ್ಯಂಗ್ಯಚಿತ್ರ, ತೈಲವರ್ಣ, ಹಳೆಯ ಕಪ್ಪು ಬಿಳುಪು ಫೋಟೊ, ಗ್ರಾಫ್.

ಗ್ರಾಫ್ ಅಂದಾಗ ನೆನಪಾಯಿತು. ಅದೇ ಜಲಾಶಯದ ನೀರಿನ ಮಟ್ಟದ ಗ್ರಾಫ್ ಇದೆ ಅನ್ನೋಣ. ಎರಡು ಗೆರೆ, ಒಂದು ಈ ವರ್ಷದ್ದು, ಒಂದು ಹೋದ ವರ್ಷದ್ದು. 'ಜಲಾಶಯದ ಮಟ್ಟ ತೋರಿಸುವ ಗ್ರಾಫ್' ಅಂತ ಬರೆದರೆ ಲಕೋಟೆ ಕೊಟ್ಟು ಕಾಗದ ಕೊಡದ ಹಾಗೆ. ಗ್ರಾಫ್ ಹಾಕಿದ್ದು ಒಂದು ಮಾತು ತೋರಿಸಲಿಕ್ಕೆ. ಆ ಮಾತನ್ನೇ ಬರೆಯಿರಿ: 'ಗ್ರಾಫ್: ಈ ವರ್ಷ ಜುಲೈ ಕೊನೆಗೇ ಜಲಾಶಯ ತುಂಬಿದೆ, ಹೋದ ವರ್ಷ ಆಗಸ್ಟ್ ಮುಗಿದರೂ ತುಂಬಿರಲಿಲ್ಲ. ವಾರವಾರದ ಅಂಕಿ ಕೆಳಗಿನ ಟೇಬಲ್‌ನಲ್ಲಿದೆ.' ಎಲ್ಲ ಅಂಕಿಗಳನ್ನೂ ಆಲ್ಟ್ ಟೆಕ್ಸ್ಟಿಗೆ ತುರುಕಬೇಡಿ. ಅಲ್ಲಿ ತಲೆಬರಹ ಇಲ್ಲ, ಸಾಲು ಕಾಲಂ ಇಲ್ಲ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತದೆ. ಟೇಬಲ್ ಆದರೆ ಓದುಗರು ಕೀಲಿಮಣೆಯಲ್ಲಿ ಒಂದೊಂದೇ ಮನೆಗೆ ಹೋಗಿ ತಮಗೆ ಬೇಕಾದ ವಾರ ನೋಡಿಕೊಳ್ಳಬಹುದು. ಟೇಬಲ್ ಇದ್ದರೆ ಕಣ್ಣಿದ್ದವರಿಗೂ ಅನುಕೂಲವೇ.

ಈಗ ಕನ್ನಡದ್ದೇ ಆದ ಒಂದು ರೋಗಕ್ಕೆ ಬರೋಣ. ನಾವು ಅಕ್ಷರಗಳನ್ನೂ ಚಿತ್ರ ಮಾಡಿ ಹಂಚುತ್ತೇವೆ. ಪುಸ್ತಕ ಬಿಡುಗಡೆಯ ಆಹ್ವಾನ, ನಾಟಕದ ಪೋಸ್ಟರ್, ಕಾಲೇಜಿನ ಪ್ರಕಟಣೆ, ಎಲ್ಲ ಜೆಪೆಗ್. ನೋಡಲು ಚೆನ್ನಾಗಿರುತ್ತದೆ. ಕೇಳುವವರಿಗೆ ಅಲ್ಲಿ ಏನೂ ಇಲ್ಲ. ಇದಕ್ಕೆ 'ಪುಸ್ತಕ ಬಿಡುಗಡೆ ಸಮಾರಂಭದ ಆಹ್ವಾನ ಪತ್ರಿಕೆ' ಅನ್ನುವ ಆಲ್ಟ್ ಟೆಕ್ಸ್ಟ್ ಬರೆದರೆ ಪ್ರಯೋಜನ ಇಲ್ಲ. ಎಲ್ಲಿ, ಯಾವತ್ತು, ಎಷ್ಟು ಗಂಟೆಗೆ, ಯಾರು ಬರುತ್ತಾರೆ, ಅದನ್ನು ತಾನೇ ಓದುಗರು ಹುಡುಕುವುದು? ಹಿನ್ನೆಲೆಯಲ್ಲಿ ಮಾವಿನ ತೋರಣ ಇದೆ ಅನ್ನುವುದು ಬೇಡ. ಅಕ್ಷರಗಳು ಬೇಕು, ಎಲ್ಲವೂ ಬೇಕು. ವಿವರ ಉದ್ದ ಇದ್ದರೆ ಪೋಸ್ಟಿನಲ್ಲೇ ಅಕ್ಷರವಾಗಿ ಟೈಪ್ ಮಾಡಿ, ಆಲ್ಟ್ ಟೆಕ್ಸ್ಟಿನಲ್ಲಿ 'ಆಹ್ವಾನ. ಪೂರ್ತಿ ವಿವರ ಪೋಸ್ಟಿನಲ್ಲಿದೆ' ಅನ್ನಿ. ವಾಟ್ಸಾಪ್‌ನಲ್ಲಿ ಕಳಿಸುವಾಗಲೂ ಫೋಟೊದ ಕೆಳಗೇ ಟೈಪ್ ಮಾಡಿ. ಹೀಗೆ ಮಾಡಿದರೆ ನಾಳೆ ಯಾರಾದರೂ ಆ ಕಾರ್ಯಕ್ರಮವನ್ನು ಹುಡುಕಿದಾಗ ಸಿಗುತ್ತದೆ ಕೂಡ. ಚಿತ್ರದೊಳಗಿನ ದಿನಾಂಕ ಯಾರಿಗೆ ಸಿಗಬೇಕು?

ಟೈಪ್ ಮಾಡಿ ಅಂದಾಗ ಇನ್ನೊಂದು ಎಚ್ಚರ. ನಮ್ಮ ಮುದ್ರಣಾಲಯಗಳಲ್ಲಿ, ಹಲವು ಕಚೇರಿಗಳಲ್ಲಿ ಇನ್ನೂ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಿವೆ. ಅಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರ. 'ಕನ್ನಡ' ಅಂತ ಕಾಣುವುದು ಒಳಗೆ ಹೀಗಿರುತ್ತದೆ:

```
PÀ£ÀßqÀ
```

ಇದನ್ನು ಕಾಪಿ ಮಾಡಿ ಆಲ್ಟ್ ಟೆಕ್ಸ್ಟಿನ ಚೌಕಕ್ಕೆ ಅಂಟಿಸಿದರೆ ಸ್ಕ್ರೀನ್ ರೀಡರ್ ಪಿ, ಪೌಂಡ್ ಅಂತ ಏನೋ ಉಸುರುತ್ತದೆ. ಅದೃಷ್ಟಕ್ಕೆ ಆ ಚೌಕದಲ್ಲಿ ಫಾಂಟ್ ಬದಲಾಯಿಸಲು ಬರುವುದಿಲ್ಲ, ಹಾಗಾಗಿ ಅಂಟಿಸಿದ ತಕ್ಷಣ ನಿಮಗೂ ಈ ಕಸವೇ ಕಾಣುತ್ತದೆ. ಕಂಡರೆ ಯುನಿಕೋಡ್‌ಗೆ ಬದಲಿಸಿ ಹಾಕಿ. ಅದಕ್ಕೆ ಪರಿವರ್ತಕಗಳಿವೆ.

ಪುಟದ ಭಾಷೆಯನ್ನೂ ನೋಡಿಕೊಳ್ಳಿ. ಎಷ್ಟೋ ಕನ್ನಡ ಸೈಟುಗಳು ಇಂಗ್ಲಿಷ್ ಟೆಂಪ್ಲೇಟಿನ ಮೇಲೆ ನಿಂತಿವೆ. ಮೇಲ್ಗಡೆ `lang="en"` ಹಾಗೇ ಉಳಿದಿರುತ್ತದೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಡಬಹುದು. ಕೆಲವು ದನಿಗಳು ಕನ್ನಡ ಅಕ್ಷರಗಳನ್ನು ನುಂಗಿಯೇ ಬಿಡುತ್ತವೆ. ನೀವು ಎಷ್ಟು ಚೆನ್ನಾಗಿ ಬರೆದರೂ ಅಷ್ಟೇ. ಅಲ್ಲಿ `lang="kn"` ಅಂತ ಇರಬೇಕು. ಹಾಗೇ ಕನ್ನಡ ಪುಟದಲ್ಲಿ ಆಲ್ಟ್ ಟೆಕ್ಸ್ಟನ್ನು ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಬಿಡಿ. ಕನ್ನಡ ಕೇಳುತ್ತಾ ಹೋಗುವವರಿಗೆ ನಡುವೆ ಇಂಗ್ಲಿಷ್ ವಾಕ್ಯ ಯಾಕೆ?

ಪರೀಕ್ಷೆ ಮಾಡುವುದು ಕಷ್ಟವಲ್ಲ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ವಿಂಡೋಸ್‌ನಲ್ಲಿ ಹಾಕಿಕೊಳ್ಳಿ. ಅದರ ಜೊತೆಗೇ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ, ಸ್ವಲ್ಪ ಒರಟು. ಪುಟ ತೆರೆದು G ಕೀಲಿ ಒತ್ತುತ್ತಾ ಹೋದರೆ ಚಿತ್ರದಿಂದ ಚಿತ್ರಕ್ಕೆ ಹಾರುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಚಿತ್ರಗಳನ್ನು ಬಿಡಿಬಿಡಿಯಾಗಿ ಕೇಳಿದರೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತದೆ. ಪುಟವನ್ನು ಮೊದಲಿನಿಂದ ಓದಿಸಿ. ಆಗ ಗೊತ್ತಾಗುತ್ತದೆ, ಕ್ಯಾಪ್ಶನ್ ಹೇಳಿದ್ದನ್ನೇ ಆಲ್ಟ್ ಟೆಕ್ಸ್ಟ್ ಮತ್ತೆ ಹೇಳುತ್ತಿದೆ ಅಂತ. ಪ್ಯಾರಾದ ನಡುವೆ ಬರುವ ರಂಗೋಲಿ ಎಳೆಯ ಚಿತ್ರ ಸುಮ್ನೆ ಅಡ್ಡ ಬರುತ್ತಿದೆ ಅಂತ. ಆ ರಂಗೋಲಿಗೆ `alt=""` ಹಾಕಿ, ಮುಗಿಯಿತು. ಸೈಟಿನ ಲೋಗೊ ಒತ್ತಿದರೆ ಮುಖಪುಟಕ್ಕೆ ಹೋಗುತ್ತದೆ ಅಂದರೆ ಅದಕ್ಕೆ ಲೋಗೊದ ಹೂವಿನ ವರ್ಣನೆ ಬೇಡ, ಸೈಟಿನ ಹೆಸರು ಮತ್ತು 'ಮುಖಪುಟ' ಸಾಕು. ಒತ್ತಿದರೆ ಎಲ್ಲಿಗೆ ಹೋಗುತ್ತೇವೆ ಅನ್ನುವುದೇ ಅಲ್ಲಿ ಅರ್ಥ.

ಉದ್ದ ಎಷ್ಟಿರಬೇಕು ಅಂತ ಯಾರೋ ಚೀಟಿ ಕಳಿಸಿದ್ದಾರೆ. 125 ಅಕ್ಷರ ಅನ್ನುವ ಲೆಕ್ಕ ಎಲ್ಲ ಕಡೆ ಓಡಾಡುತ್ತದೆ. ಅದು ನಿಯಮವಲ್ಲ. ಸಾಮಾನ್ಯ ಫೋಟೊಗೆ ಒಂದೆರಡು ವಾಕ್ಯ ಸಾಕು ಅನ್ನುವ ಮಟ್ಟಿಗೆ ಅದನ್ನು ತೆಗೆದುಕೊಳ್ಳಿ. ನಮ್ಮ ಪುಟಗಳನ್ನು ಕೇಳಿ ನೋಡುವ ಗೆಳೆಯರೊಬ್ಬರು ಹೇಳುವುದು ಬೇರೆ: ಮುಖ್ಯ ಮಾತು ಮೊದಲು ಬರಲಿ, ಬೇಡವಾದರೆ ನಾನು ನಡುವೆಯೇ ಮುಂದಕ್ಕೆ ಹೋಗುತ್ತೇನೆ. 'ಅಣೆಕಟ್ಟೆಯ ಮೇಲೆ, ಮೋಡ ಕವಿದ ಆಕಾಶದ ಕೆಳಗೆ, ಹಲವು ಗಣ್ಯರ ನಡುವೆ' ಅಂತ ಶುರುವಾದರೆ ಬಾಗಿನ ಬರುವಷ್ಟರಲ್ಲಿ ಅವರು ಮುಂದಿನ ಪ್ಯಾರಾದಲ್ಲಿರುತ್ತಾರೆ.

ಇನ್ನೊಂದು ಚೀಟಿ ವ್ಯಂಗ್ಯಚಿತ್ರದ ಬಗ್ಗೆ. ಜೋಕನ್ನು ವಿವರಿಸಬೇಕಾ ಅಂತ. ಬೇಡ, ವಿವರಿಸಿದ ಜೋಕಿಗೆ ಯಾರೂ ನಗುವುದಿಲ್ಲ. ಆದರೆ ಮುಖ್ಯ ಮಾತು ಮೊದಲು ಅನ್ನುವ ಸಲಹೆಯೂ ಇಲ್ಲಿ ಕೆಲಸ ಮಾಡುವುದಿಲ್ಲ. ಕಣ್ಣು ಯಾವ ಕ್ರಮದಲ್ಲಿ ಓಡುತ್ತದೋ ಅದೇ ಕ್ರಮದಲ್ಲಿ ಬರೆಯಿರಿ, ಕಚಗುಳಿ ಇಡುವುದನ್ನು ಕಡೆಗೆ ಇಡಿ. ಎರಡು ಚೌಕದ ಚಿತ್ರ ಅಂತಿಟ್ಟುಕೊಳ್ಳಿ. 'ವ್ಯಂಗ್ಯಚಿತ್ರ, ಎರಡು ಚೌಕ. "ಚುನಾವಣೆಗೆ ಮೊದಲು": ಅಭ್ಯರ್ಥಿ ಗುಡಿಸಲ ಬಾಗಿಲಲ್ಲಿ ಅಜ್ಜನ ಕಾಲಿಗೆ ಬಿದ್ದಿದ್ದಾನೆ. "ಚುನಾವಣೆ ಆದ ಮೇಲೆ": ಅಜ್ಜ ಅವನ ಬಂಗಲೆಯ ಗೇಟಿನಲ್ಲಿ, ಕಾವಲುಗಾರನ ಕಾಲಿಗೆ ಬಿದ್ದಿದ್ದಾನೆ.' ಚಿತ್ರದೊಳಗಿನ ಬರಹ ಅಕ್ಷರಶಃ ಬಂತು. ಗುಡಿಸಲು, ಬಂಗಲೆ ಎರಡೂ ಬಂದವು. ಇದು ರಾಜಕಾರಣಿಗಳ ಬೂಟಾಟಿಕೆಯ ಬಗ್ಗೆ ಅಂತ ನಾನು ಹೇಳಲಿಲ್ಲ. ಕಾವಲುಗಾರ ಅನ್ನುವುದನ್ನು ಮೊದಲೇ ಹೇಳಿಬಿಟ್ಟಿದ್ದರೆ, ಅಥವಾ 'ಯಾರದೋ ಕಾಲಿಗೆ' ಅಂತ ಬಿಟ್ಟಿದ್ದರೆ ಚಿತ್ರವೇ ಹೋಗುತ್ತಿತ್ತು. ವ್ಯಂಗ್ಯಚಿತ್ರ ಬರೆಯುವವರು ನಿಮ್ಮ ಪತ್ರಿಕೆಯಲ್ಲೇ ಇದ್ದರೆ ಆಲ್ಟ್ ಟೆಕ್ಸ್ಟನ್ನೂ ಅವರ ಕೈಯಲ್ಲೇ ಬರೆಸಿ. ನಗು ಎಲ್ಲಿ ಬರಬೇಕು ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.